ಮಿಕ್ಸಿಂಗ್ ಹುಡುಗ ಮತ್ತು 14 ಫ್ರೇಮ್

ನಮ್ಮ ಕಡೆ ವಿಡಿಯೋ ಎಡಿಟಿಂಗಿಗೆ ಯಾರೂ ಎಡಿಟಿಂಗ್ ಅನ್ನೋದಿಲ್ಲ, 'ಮಿಕ್ಸಿಂಗ್' ಅಂತಾರೆ. 'ಮದುವಿ ಕ್ಯಾಸೆಟ್ ಮಿಕ್ಸಿಂಗಿಗೆ ಹೋಗೈತಿ' ಅಂದರೆ ಹರಪನಹಳ್ಳಿಯ ಯಾವುದೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಒಬ್ಬ ಹುಡುಗ ಕಂಪ್ಯೂಟರ್ ಮುಂದೆ ಕೂತಿದ್ದಾನೆ ಅಂತ ಅರ್ಥ. ಕ್ಯಾಸೆಟ್ ಹೋಗಿ ಸಿಡಿ ಬಂತು, ಸಿಡಿ ಹೋಗಿ ಪೆನ್‌ಡ್ರೈವ್ ಬಂತು, ಮಾತು ಮಾತ್ರ ಹಾಗೇ ಉಳಿದಿದೆ. ಸಿನಿಮಾದವರ ಬಾಯಲ್ಲಿ ಮಿಕ್ಸಿಂಗ್ ಅಂದರೆ ಬೇರೆಯೇ ಸಂಗತಿ. ಮಾತು, ಸಂಗೀತ, ಹಿನ್ನೆಲೆ ಸದ್ದುಗಳನ್ನು ಹದವಾಗಿ ಕೂಡಿಸುವ ಕೊನೆಯ ಹಂತ ಅದು. ನಮ್ಮ ಅಕ್ಕನ ಮಗ ಬೆಂಗಳೂರಿಗೆ ಬಂದ ಮೊದಲ ವಾರ ಒಬ್ಬ ನಿರ್ಮಾಪಕರ ಎದುರು 'ಸಾರ್, ನಾನು ಮಿಕ್ಸಿಂಗ್ ಮಾಡ್ತೀನಿ' ಅಂದುಬಿಟ್ಟ. ಅವರು ಅವನನ್ನು ಸೌಂಡ್ ಎಂಜಿನಿಯರ್ ಅಂದುಕೊಂಡು 'ಅಟ್ಮಾಸ್ ಮಾಡಿದೀರಾ?' ಅಂತ ಕೇಳಿದರಂತೆ. ಅಳಿಯ ಫೋನು ಮಾಡಿ, 'ಮಾಮ, ಅಟ್ಮಾಸ್ ಅಂದ್ರ ಏನು?' ಅಂದ.

ನಮ್ಮೂರು ಹಲವಾಗಲು, ತುಂಗಭದ್ರೆಯ ದಂಡೆಯ ಊರು. ನಾನು ಸ್ಕೂಲಿಗೆ ಹೋಗುವಾಗ ದಾವಣಗೆರೆ ಜಿಲ್ಲೆ ಅಂತ ಬರೀತಿದ್ದೆ, ಆಮೇಲೆ ಬಳ್ಳಾರಿ ಆಯ್ತು, 2021ರಿಂದ ವಿಜಯನಗರ. ಜಿಲ್ಲೆ ಯಾವುದಾದರೂ ಅಲ್ಲಿಂದ ಗಾಂಧಿನಗರ ಅಷ್ಟೇ ದೂರ. ಸಿನಿಮಾದಲ್ಲಿ ಕೆಲಸ ಮಾಡುವವರು ಅಂತ ನಮ್ಮೂರಿನವರಿಗೆ ಗೊತ್ತಿರೋದು ನಾನೊಬ್ಬನೇ. ನಾನು ಎಡಿಟರ್. ನಮ್ಮ ಅವ್ವನಿಗೆ ಇವತ್ತಿಗೂ ನಾನು ಏನು ಮಾಡ್ತೀನಿ ಅಂತ ಸರಿಯಾಗಿ ಗೊತ್ತಿಲ್ಲ, 'ಕಂಪ್ಯೂಟರ್ ಕೆಲಸ' ಅಂತ ಹೇಳಿ ಮುಗಿಸ್ತಾಳೆ. ಹಾಗೆ ನೋಡಿದರೆ ಸುಳ್ಳೇನಲ್ಲ.

ಅಳಿಯ ಮೂರು ವರ್ಷ ಮದುವೆ ಮಿಕ್ಸಿಂಗ್ ಮಾಡಿದವನು. ಬೆಂಗಳೂರಿಗೆ ಹೊರಟಾಗ ಅವರಪ್ಪ ನನಗೆ ಫೋನು ಮಾಡಿ, 'ಉಗಾದಿ ತನಕ ನೋಡ್ತೀನಪ. ಆಮೇಲೆ ವಾಪಸ್ ಬಂದು ಗದ್ದಿ ನೋಡ್ಕೊಳ್ಳಲಿ' ಅಂದರು. ಆಗ ದೀಪಾವಳಿ ಮುಗಿದು ಒಂದು ವಾರ ಆಗಿತ್ತು. ಅಂದರೆ ಐದು ತಿಂಗಳೂ ಇರಲಿಲ್ಲ.

ಅವನ ತಲೆಯಲ್ಲಿ ಇದ್ದದ್ದು ಕೆಜಿಎಫ್ ಕಥೆ. 2022ರಲ್ಲಿ ಬಂದ ಕೆಜಿಎಫ್ ಚಾಪ್ಟರ್ 2ರ ಎಡಿಟರ್ ಉಜ್ವಲ್ ಕುಲಕರ್ಣಿ ಕಲಬುರಗಿಯ ಹುಡುಗ, ಇಪ್ಪತ್ತರ ಆಸುಪಾಸಿನ ವಯಸ್ಸು, ಯೂಟ್ಯೂಬಿಗೆ ಫ್ಯಾನ್ ಎಡಿಟ್ ಮಾಡ್ತಿದ್ದವನು. ನಿರ್ದೇಶಕ ಪ್ರಶಾಂತ್ ನೀಲ್ ಅವರ ಕಣ್ಣಿಗೆ ಬಿದ್ದ, ಅಷ್ಟು ದೊಡ್ಡ ಸಿನಿಮಾ ಸಿಕ್ತು. ಇದು ನಿಜ, ಮತ್ತು ನಮ್ಮ ಕಡೆಯ ಪ್ರತಿ ಮಿಕ್ಸಿಂಗ್ ಹುಡುಗನ ಫೋನಿನಲ್ಲೂ ಈ ಸುದ್ದಿ ಇದೆ. ಆದರೆ ಅದರಲ್ಲಿ ಜನ ಓದೋದು 'ಸಿಕ್ತು' ಅನ್ನೋ ಕಡೆಯ ಪದವನ್ನು ಮಾತ್ರ. ಆ ಹುಡುಗನ ಕೆಲಸ ಮೊದಲೇ ನಾಲ್ಕು ಜನರಿಗೆ ಕಾಣುವ ಜಾಗದಲ್ಲಿತ್ತು, ಅದೂ ಅದೇ ಸಿನಿಮಾದ ಲಯ ಹಿಡಿದು ಕತ್ತರಿಸಿದ ಕೆಲಸ. ನೋಡಿದವರು ಅವನ ಬಯೋಡೇಟಾ ಕೇಳಬೇಕಾಗಿರಲಿಲ್ಲ. ಅಂಥ ದಾರಿ ಇಲ್ಲ ಅಂತ ನಾನು ಹೇಳೋದಿಲ್ಲ. ಆದರೆ ಒಬ್ಬ ನಿರ್ದೇಶಕನ ಕಣ್ಣಿಗೆ ಬೀಳೋದನ್ನು ಉಗಾದಿಯೊಳಗೆ ಮುಗಿಸ್ತೀನಿ ಅಂತ ಅಪ್ಪನಿಗೆ ಮಾತು ಕೊಡೋಕಾಗಲ್ಲ.

ಓದಿ ಬರುವ ದಾರಿಯೂ ಇದೆ, ಅದು ನಮ್ಮಲ್ಲಿ ತುಂಬಾ ಹಳೆಯದು. ಮೈಸೂರಿನ ವಿ.ಕೆ. ಮೂರ್ತಿ 1946ರಲ್ಲಿ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಿಂದ ಸಿನಿಮಾಟೋಗ್ರಫಿ ಡಿಪ್ಲೊಮಾ ತಗೊಂಡು ಬಾಂಬೆಗೆ ಹೋದವರು. ಗುರುದತ್ತರ 'ಪ್ಯಾಸಾ', 'ಕಾಗಜ್ ಕೆ ಫೂಲ್' ಚಿತ್ರಗಳ ಬೆಳಕು ಅವರದು. 2008ರ ಸಾಲಿನ ಫಾಲ್ಕೆ ಪ್ರಶಸ್ತಿಯೂ ಬಂತು. ಆ ಪಾಲಿಟೆಕ್ನಿಕ್‌ನ ಕೋರ್ಸುಗಳೇ ಮುಂದೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟಿವಿ ಸಂಸ್ಥೆಗೆ ಹೋದವು. ಆದರೆ ಡಿಪ್ಲೊಮಾ ಕೈಯಲ್ಲಿದ್ದರೂ ಮೂರ್ತಿ ಬಾಂಬೆಯಲ್ಲಿ ವರ್ಷಗಟ್ಟಲೆ ಬೇರೆಯವರ ಕೈಕೆಳಗೆ ಸಹಾಯಕರಾಗಿದ್ದರು. 1951ರ 'ಬಾಜಿ' ಚಿತ್ರಕ್ಕೆ ಕ್ಯಾಮೆರಾಮನ್ ವಿ. ರಾತ್ರಾ, ಮೂರ್ತಿ ಅವರ ಅಸಿಸ್ಟೆಂಟ್. ಒಂದು ಹಾಡಿಗೆ ಕನ್ನಡಿ ಬಳಸಿದ ಕಷ್ಟದ ಶಾಟ್ ಒಂದನ್ನು ಮೂರ್ತಿ ಸೂಚಿಸಿದರು, ರಾತ್ರಾ ಅವರಿಗೇ ಕ್ಯಾಮೆರಾ ಬಿಟ್ಟುಕೊಟ್ಟರು. ಗುರುದತ್ ಮುಂದಿನ ಚಿತ್ರ 'ಜಾಲ್'ಗೆ ಮೂರ್ತಿಯವರನ್ನೇ ಕರೆದರು. ಡಿಪ್ಲೊಮಾ ಅವರನ್ನು ಸೆಟ್ಟಿನ ಒಳಗೆ ತಂದಿತು. ಕ್ಯಾಮೆರಾ ಕೈಗೆ ಬಂದದ್ದು ಸೆಟ್ಟಿನಲ್ಲಿ, ಆ ಹೊತ್ತಿಗೆ ಬೇಕಾದದ್ದು ಗೊತ್ತಿದ್ದರಿಂದ.

ಕ್ಯಾಮೆರಾ ವಿಭಾಗಕ್ಕೆ ಇವತ್ತೂ ಇನ್ನೊಂದು ಬಾಗಿಲಿದೆ, ಅದರ ಬಗ್ಗೆ ಯಾರೂ ಬರೆಯೋದಿಲ್ಲ. ಕ್ಯಾಮೆರಾ ಬಾಡಿಗೆಗೆ ಕೊಡುವ ಕಂಪನಿಯಿಂದ ಪೆಟ್ಟಿಗೆಗಳ ಜೊತೆ ಅಟೆಂಡರ್ ಹುಡುಗರು ಬರ್ತಾರೆ. ಲೆನ್ಸ್ ಬದಲಿಸೋದು, ಒರೆಸೋದು, ಲೆಕ್ಕ ಇಟ್ಟು ಪೆಟ್ಟಿಗೆಗೆ ವಾಪಸ್ ತುಂಬೋದು ಅವರ ಕೆಲಸ. ವರ್ಷಕ್ಕೆ ಹತ್ತಾರು ಸೆಟ್ ನೋಡುವ ಅವರಲ್ಲಿ ಕೆಲವರು ಫೋಕಸ್ ಪುಲ್ಲರ್ ಆಗ್ತಾರೆ. ಅಳಿಯನಿಗೆ ಇದನ್ನೂ ಹೇಳಿದೆ. 'ನಂಗ ಬಿಸಲಾಗ ನಿಲ್ಲಾಕ ಆಗಲ್ಲ ಮಾಮ' ಅಂದ. ನದಿ ದಂಡೆಯ ಗದ್ದೆಯಲ್ಲಿ ಬೆಳೆದ ಹುಡುಗ! ಸರಿ, ಎಡಿಟಿಂಗೇ ಇರಲಿ ಅಂತಾಯ್ತು.

ಅವನು ಬಂದಾಗ ಒಂದು ಶೋರೀಲ್ ತಂದಿದ್ದ. ಎರಡು ನಿಮಿಷದಲ್ಲಿ ನಲವತ್ತು ಟ್ರಾನ್ಸಿಷನ್. ಗುಲಾಬಿ ದಳ ಉದುರಿ ಮುಂದಿನ ಶಾಟ್ ಬರೋದು, ಪುಟ ತಿರುವಿದ ಹಾಗೆ ಮದುಮಗಳು ಬರೋದು. ಇದನ್ನು ಯಾವ ಎಡಿಟರಿಗೂ ಕಳಿಸಬೇಡ ಅಂದೆ. ಕೆಟ್ಟದಾಗಿದೆ ಅಂತಲ್ಲ, ಮದುವೆ ಮನೆಗೆ ಅದೇ ಸರಿ. ಆದರೆ ಸಿನಿಮಾ ಎಡಿಟರಿಗೆ ಹೊಸ ಹುಡುಗನಿಂದ ಕಟ್ಸ್ ಬೇಕಾಗಿಲ್ಲ. ಕಟ್ ಮಾಡೋಕೆ ಅವನೇ ಇದಾನಲ್ಲ. ಅವನಿಗೆ ಬೇಕಾಗಿರೋದು ಏನು ಅಂತ ತಿಳೀಬೇಕಾದರೆ ಶೂಟಿಂಗ್ ಶುರುವಾದ ದಿನ ಎಡಿಟ್ ರೂಮಿನಲ್ಲಿ ಏನಾಗುತ್ತೆ ಅಂತ ನೋಡಬೇಕು.

ಸಂಜೆ ಒಂದು ಹಾರ್ಡ್‌ಡಿಸ್ಕ್ ಬರುತ್ತೆ. ಅದರಲ್ಲಿ ಆ ದಿನ ತೆಗೆದದ್ದೆಲ್ಲ ಇರುತ್ತೆ, ಕ್ಯಾಮೆರಾದ ಫೈಲುಗಳು ಒಂದು ಕಡೆ, ಸೌಂಡ್ ರೆಕಾರ್ಡರಿನ ಫೈಲುಗಳು ಇನ್ನೊಂದು ಕಡೆ. ಸಿನಿಮಾದಲ್ಲಿ ಚಿತ್ರ ಮತ್ತು ಶಬ್ದ ಬೇರೆ ಬೇರೆ ಯಂತ್ರದಲ್ಲಿ ದಾಖಲಾಗುತ್ತೆ. ನಮ್ಮ ಬಹುತೇಕ ಚಿತ್ರಗಳಲ್ಲಿ ಮಾತನ್ನು ಆಮೇಲೆ ಡಬ್ ಮಾಡ್ತಾರೆ, ಆದರೂ ಜಾಗದ ಮೇಲೆ ರೆಕಾರ್ಡ್ ಮಾಡಿದ ಪೈಲಟ್ ಶಬ್ದ ಎಡಿಟಿಂಗಿಗೂ ಡಬ್ಬಿಂಗಿಗೂ ಬೇಕೇ ಬೇಕು. ಅಸಿಸ್ಟೆಂಟ್ ಮೊದಲು ಇಡೀ ಡಿಸ್ಕನ್ನು ಇನ್ನೊಂದಕ್ಕೆ ನಕಲು ಮಾಡ್ತಾನೆ, ನಕಲು ಮೂಲಕ್ಕೆ ಸರಿಯಾಗಿ ಹೊಂದುತ್ತಾ ಅಂತ ತಾಳೆ ನೋಡ್ತಾನೆ. ಆಮೇಲೆ ದೊಡ್ಡ ಫೈಲುಗಳಿಂದ ಹಗುರವಾದ ಪ್ರಾಕ್ಸಿ ಫೈಲು ಮಾಡ್ತಾನೆ, ಎಡಿಟಿಂಗ್ ನಡೆಯೋದು ಅದರ ಮೇಲೆ. ಆಮೇಲೆ ಕ್ಲ್ಯಾಪ್ ಬಡಿದ ಫ್ರೇಮನ್ನೂ 'ಟಪ್' ಅನ್ನೋ ಸದ್ದನ್ನೂ ಒಂದೊಂದಾಗಿ ಕೂಡಿಸ್ತಾನೆ. ಕೊನೆಗೆ ಸೀನ್, ಶಾಟ್, ಟೇಕ್ ಪ್ರಕಾರ ಜೋಡಿಸಿ, ಯಾವ ಟೇಕ್ ಓಕೆ ಅಂತ ಸೆಟ್ಟಿನಿಂದ ಬಂದ ರಿಪೋರ್ಟಿನ ಪ್ರಕಾರ ಗುರುತು ಹಾಕ್ತಾನೆ. ಬೆಳಿಗ್ಗೆ ಎಡಿಟರ್ ಬಂದು ಕೂತಾಗ ಎಲ್ಲ ಸಿದ್ಧವಾಗಿರಬೇಕು. ಸಂಜೆ ಮತ್ತೆ ಹಾರ್ಡ್‌ಡಿಸ್ಕ್.

ಈ ಕೆಲಸಕ್ಕೆ ಜನ ಸಿಗೋದಿಲ್ಲ. ಬರೋ ಹುಡುಗರೆಲ್ಲ ಕಟ್ ಮಾಡೋಕೆ ಬಂದಿರ್ತಾರೆ. ಅದಕ್ಕೇ ಅಳಿಯನಿಗೆ ಒಂದು ಮೆಸೇಜ್ ಬರೆಸಿದೆ. ನಮಸ್ಕಾರ ಸಾರ್, ನನಗೆ ಪ್ರಾಕ್ಸಿ ಮಾಡೋಕೆ, ಸಿಂಕ್ ಮಾಡೋಕೆ, ಲೇಬಲ್ ಮಾಡೋಕೆ ಬರುತ್ತೆ, ರಾತ್ರಿ ಕೆಲಸ ಮಾಡ್ತೀನಿ, ಇಷ್ಟೇ. ಶೋರೀಲ್ ಇಲ್ಲ, 'ಪ್ಯಾಷನ್' ಇಲ್ಲ. ಶೂಟಿಂಗ್ ಶುರುವಾಗಿದೆ ಅಂತ ಗೊತ್ತಾದ ಚಿತ್ರಗಳ ಎಡಿಟರುಗಳಿಗೆ ಮಾತ್ರ ಕಳಿಸು ಅಂದೆ. ಮುಹೂರ್ತಕ್ಕೆ ಮೊದಲು ಯಾರಿಗೂ ಅಸಿಸ್ಟೆಂಟ್ ಬೇಕಿರೋದಿಲ್ಲ, ಶೂಟಿಂಗ್ ಮುಗಿದ ಮೇಲೆ ಜಾಗ ಇರೋದಿಲ್ಲ. ನಾನೇ ಯಾಕೆ ಸೇರಿಸಿಕೊಳ್ಳಲಿಲ್ಲ ಅಂತ ನಿಮಗೆ ಅನಿಸಬಹುದು. ಆಗ ನನ್ನ ಕೈಯಲ್ಲಿ ಸಿನಿಮಾ ಇರಲಿಲ್ಲ, ಅಷ್ಟೇ. ನಮ್ಮ ಕೆಲಸದಲ್ಲಿ ಅದೂ ಮಾಮೂಲು.

ಹನ್ನೊಂದು ಮೆಸೇಜಿಗೆ ಉತ್ತರ ಬರಲಿಲ್ಲ. ಹನ್ನೆರಡನೆಯದಕ್ಕೆ ರಾತ್ರಿ ಎಂಟಕ್ಕೆ ಫೋನೇ ಬಂತು. ಆ ಎಡಿಟರ್ ನನಗೂ ಪರಿಚಯದವರು, ಆದರೆ ಅವರು ಕರೆದದ್ದು ಮೆಸೇಜ್ ನೋಡಿ. ಅವರ ಅಸಿಸ್ಟೆಂಟ್ ಜ್ವರ ಬಂದು ಮಲಗಿದ್ದ. ಎರಡು ದಿನದ ಫುಟೇಜ್ ಹಾಗೇ ಬಿದ್ದಿತ್ತು, 140 ಟೇಕ್. ಕ್ಯಾಮೆರಾಕ್ಕೂ ರೆಕಾರ್ಡರಿಗೂ ಟೈಮ್‌ಕೋಡ್ ಹೊಂದಿಕೊಂಡಿರಲಿಲ್ಲ, ಅಂದರೆ ಸಾಫ್ಟ್‌ವೇರಿಗೆ ಕೊಟ್ಟರೆ ತಾನೇ ಕೂಡಿಸೋ ಸ್ಥಿತಿ ಇಲ್ಲ. ಕೈಯಲ್ಲೇ ಮಾಡಬೇಕು.

ಇಲ್ಲಿ ನೋಡಿ, ಮದುವೆ ಮಿಕ್ಸಿಂಗ್ ಕೈ ಹಿಡಿದದ್ದು. ನಮ್ಮ ಕಡೆಯ ಮದುವೆಗೆ ಮೂರು ಕ್ಯಾಮೆರಾ ಇರ್ತವೆ, ಕ್ಲ್ಯಾಪ್ ಇರೋದಿಲ್ಲ. ಹುಡುಗರು ಬ್ಯಾಂಡ್‌ಸೆಟ್ಟಿನ ಡ್ರಮ್ ಏಟನ್ನೋ ಪಟಾಕಿ ಸದ್ದನ್ನೋ ವೇವ್‌ಫಾರ್ಮಿನಲ್ಲಿ ಹುಡುಕಿ ಮೂರನ್ನೂ ಕೂಡಿಸ್ತಾರೆ. ಅಂಥವನಿಗೆ ಕ್ಲ್ಯಾಪ್ ಇರೋ ಟೇಕ್ ಅಂದರೆ ಹಬ್ಬ. ಬೆಳಿಗ್ಗೆ ಆರಕ್ಕೆ 140 ಮುಗಿಸಿದ್ದ. ಮುಗಿಸಿದ್ದಷ್ಟೇ ಅಲ್ಲ, ಒಂದು ಚೀಟಿ ಬರೆದಿಟ್ಟಿದ್ದ. ಎರಡನೇ ದಿನದ ಉದ್ದ ಟೇಕುಗಳಲ್ಲಿ ಮೊದಲು ಸಿಂಕ್ ಸರಿ ಇದ್ದು ಕೊನೆಗೆ ತಪ್ತಾ ಇದೆ, ಹತ್ತು ನಿಮಿಷಕ್ಕೆ ಅರ್ಧ ಸೆಕೆಂಡಿಗಿಂತ ಜಾಸ್ತಿ, ಅಂತ. ಎಡಿಟರ್ ಆ ಚೀಟಿ ನೋಡಿಯೇ ಕಾರಣ ಹೇಳಿದರಂತೆ. ಕ್ಯಾಮೆರಾ 24 ಫ್ರೇಮಿನಲ್ಲಿದೆ, ಶಬ್ದ 23.976ರ ಲೆಕ್ಕದಲ್ಲಿದೆ. ಸಾವಿರಕ್ಕೆ ಒಂದು ವ್ಯತ್ಯಾಸ, 600 ಸೆಕೆಂಡಿಗೆ 0.6 ಸೆಕೆಂಡ್. ಸಿಂಕ್ ಮೊದಲಿನಿಂದಲೇ ತಪ್ಪಿದ್ದರೆ ಕೂಡಿಸಿದವನ ತಪ್ಪು. ಹೋಗ್ತಾ ಹೋಗ್ತಾ ತಪ್ಪಿದರೆ ವೇಗದ ತಪ್ಪು. ಅಳಿಯನಿಗೆ ಆಗ ಕಾರಣ ಗೊತ್ತಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದಿದ್ದ. 'ನಾಳೆ ಬಾ' ಅಂದರು. ದಿನದ ಬಾಟಾ, ಊಟ. ಸಂಬಳದ ಮಾತು ಆಗಲಿಲ್ಲ.

ಮದುವೆ ಮಿಕ್ಸಿಂಗಿನ ಎರಡು ಚಟ ಬಿಡಿಸೋಕೆ ಅವರಿಗೆ ಎರಡು ವಾರ ಹಿಡಿಯಿತಂತೆ. ಒಂದು, ಬೇಡದ ಫೈಲು ಅಳಿಸೋದು. ಮದುವೆ ಸ್ಟುಡಿಯೋದಲ್ಲಿ ಡಿಸ್ಕ್ ತುಂಬಿದರೆ ಬೈಗಳು, ಹಾಗಾಗಿ ಶೇಕ್ ಆದದ್ದು, ಕಪ್ಪಾಗಿ ಬಂದದ್ದು ಕಂಡ ತಕ್ಷಣ ಡಿಲೀಟ್. ಸಿನಿಮಾದಲ್ಲಿ ಏನನ್ನೂ ಅಳಿಸೋ ಹಾಗಿಲ್ಲ. ಬೇಡ ಅಂತ ಬಿಟ್ಟ ಟೇಕಿನ ಒಂದು ನೋಟ ನಾಲ್ಕು ತಿಂಗಳ ಮೇಲೆ ಬೇಕಾಗುತ್ತೆ. ಇನ್ನೊಂದು, ಫೈಲಿನ ಹೆಸರು ಬದಲಿಸೋದು. `A003C012` ಅಂತ ಶುರುವಾಗೋ ಹೆಸರನ್ನು ಕ್ಯಾಮೆರಾವೇ ಕೊಟ್ಟಿರುತ್ತೆ. ಎ ಕ್ಯಾಮೆರಾ, ಮೂರನೇ ಕಾರ್ಡ್, ಹನ್ನೆರಡನೇ ಕ್ಲಿಪ್. ಓದೋಕೆ ಅಸಹ್ಯವಾಗಿದೆ ಅಂತ ಅದನ್ನು `bus stand ok` ಅಂತ ಮಾಡಿದರೆ ಎಡಿಟಿಂಗಿಗೆ ಏನೂ ಆಗಲ್ಲ. ತೊಂದರೆ ಕಾಣೋದು ಕೊನೆಯಲ್ಲಿ. ಪ್ರಾಕ್ಸಿಯ ಜಾಗಕ್ಕೆ ಮೂಲ ಫೈಲು ತಂದು ಬಣ್ಣ ಸರಿಮಾಡುವ ಹಂತದಲ್ಲಿ ಯಂತ್ರ ಹುಡುಕೋದು ಹೆಸರು ಮತ್ತು ಟೈಮ್‌ಕೋಡನ್ನು. ಹೆಸರು ಸಿಗದ ಕಡೆ ಕಪ್ಪು ಪರದೆ ಬರುತ್ತೆ. ನಿಮ್ಮ ಆಫೀಸಿನಲ್ಲಿ ಡೇಟಾಬೇಸಿನ ಪ್ರೈಮರಿ ಕೀ ಯಾರೋ 'ಚೆನ್ನಾಗಿ ಕಾಣಲಿ' ಅಂತ ಬದಲಿಸಿದರೆ ಹೇಗಿರುತ್ತೆ, ಹಾಗೆ.

ಶೂಟಿಂಗ್ ಮುಗಿಯಿತು, ಎಡಿಟಿಂಗ್ ಲಾಕ್ ಆಯಿತು. ಲಾಕ್ ಅಂದರೆ ಇನ್ನು ಒಂದು ಫ್ರೇಮೂ ಬದಲಾಗೋದಿಲ್ಲ ಅನ್ನೋ ಒಪ್ಪಂದ. ಆಮೇಲೆ ಸಿನಿಮಾವನ್ನು ಇಪ್ಪತ್ತು ನಿಮಿಷದೊಳಗಿನ ರೀಲುಗಳಾಗಿ ಮಾಡಿ ಸೌಂಡಿನವರಿಗೆ, ಸಂಗೀತದವರಿಗೆ ಕಳಿಸ್ತಾರೆ. ರೀಲು ಅನ್ನೋ ವಸ್ತುವೇ ಈಗ ಇಲ್ಲ, ಆದರೂ ಆ ಲೆಕ್ಕ ಉಳಿದಿದೆ. ಪ್ರತಿ ರೀಲಿನ ಮೊದಲ ಚಿತ್ರಕ್ಕೆ ಸರಿಯಾಗಿ ಎರಡು ಸೆಕೆಂಡ್ ಮೊದಲು ಒಂದು ಫ್ರೇಮಿನಷ್ಟು 'ಬೀಪ್' ಇಡ್ತಾರೆ, ಅದಕ್ಕೆ ಟೂ-ಪಾಪ್ ಅಂತ ಹೆಸರು. ಕೊನೆಯ ಚಿತ್ರವಾಗಿ ಎರಡು ಸೆಕೆಂಡಿಗೆ ಇನ್ನೊಂದು ಬೀಪ್. ಚಿತ್ರದಲ್ಲಿ ಹೊಳೆಯುವ ಫ್ರೇಮೂ ಶಬ್ದದ ಬೀಪೂ ಎರಡೂ ತುದಿಯಲ್ಲಿ ಒಟ್ಟಿಗೆ ಬಂದರೆ ನಡುವಿನ ಉದ್ದ ಸರಿ ಅಂತ ಲೆಕ್ಕ.

ಮಿಕ್ಸಿಂಗಿಗೆ ಥಿಯೇಟರ್ ಬುಕ್ ಆಗಿತ್ತು. ಸಿನಿಮಾದವರ ಮಿಕ್ಸಿಂಗ್, ಶಿಫ್ಟ್ ಲೆಕ್ಕದ ಬಾಡಿಗೆ. ಹಿಂದಿನ ಸಂಜೆ ಸೌಂಡಿನವರು ಕಳಿಸಿದ ಟ್ರ್ಯಾಕುಗಳನ್ನು ಒಮ್ಮೆ ಚಿತ್ರದ ಜೊತೆ ಇಟ್ಟು ನೋಡು ಅಂತ ಅಳಿಯನಿಗೆ ಹೇಳಿದ್ದರು. ಇಂಥ ಕೆಲಸ ಹೇಳಿದಾಗ ಹೆಚ್ಚಿನವರು ಪ್ರತಿ ರೀಲಿನ ಮೊದಲ ಒಂದು ನಿಮಿಷ ನೋಡಿ ಮುಗಿಸ್ತಾರೆ. ಇವನು ಎರಡೂ ತುದಿ ನೋಡಿದ. ನಾಲ್ಕನೇ ರೀಲು 17 ನಿಮಿಷದ್ದು. ಮೊದಲ ಬೀಪ್ ಸರಿ, ಕೊನೆಯದು 14 ಫ್ರೇಮ್ ತಡ. ಅರ್ಧ ಸೆಕೆಂಡಿಗಿಂತ ಚೂರು ಹೆಚ್ಚು.

ಶಬ್ದ ಉದ್ದವಾಗಿದೆ, ಚಿತ್ರ ಗಿಡ್ಡವಾಗಿದೆ. ಎಲ್ಲಿ? 17 ನಿಮಿಷ ಸಾವಧಾನವಾಗಿ ನೋಡ್ತಾ ಕೂರೋ ಬದಲು ನಡುವಿಗೆ ಹೋದ. ಎಂಟೂವರೆ ನಿಮಿಷದಲ್ಲಿ ಸರಿ ಇದೆ. ಹದಿಮೂರರಲ್ಲಿ ಬಾಗಿಲು ಮುಚ್ಚಿದ ಮೇಲೆ ಸದ್ದು ಬರ್ತಾ ಇದೆ, ತಪ್ಪು. ಹನ್ನೊಂದರಲ್ಲಿ ಮಾತು ತುಟಿಗೆ ಸರಿ. ಹನ್ನೆರಡರಲ್ಲಿ ಗೊತ್ತಾಗ್ತಾ ಇಲ್ಲ, ಯಾಕೆಂದರೆ ಅಲ್ಲಿ ಮಾತಿಲ್ಲ, ಬರೀ ಸಂಗೀತ. ಬೈನರಿ ಸರ್ಚ್ ಅಂತ ನೀವು ಅಂತೀರಿ, ಅವನಿಗೆ ಆ ಹೆಸರು ಗೊತ್ತಿಲ್ಲ. ಸೌಂಡಿನವರ ಹತ್ತಿರವಿದ್ದ ಹಳೆಯ ವಿಡಿಯೋವನ್ನು ತರಿಸಿಕೊಂಡು ಹೊಸದರ ಪಕ್ಕ ಇಟ್ಟು ಹನ್ನೊಂದರಿಂದ ಶಾಟ್ ಶಾಟ್ ನೋಡಿದ. ಒಬ್ಬ ಅಜ್ಜಿ ಬಸ್ಸಿನಿಂದ ಇಳಿಯುವ ಶಾಟ್. ಹಳೆಯದರಲ್ಲಿ ಇಳಿದು, ಸೆರಗು ಸರಿಮಾಡಿಕೊಂಡು, ತಿರುಗ್ತಾಳೆ. ಹೊಸದರಲ್ಲಿ ತಿರುಗೋ ಮೊದಲೇ ಕಟ್. 14 ಫ್ರೇಮ್ ಅಲ್ಲಿ ಹೋಗಿದ್ದವು.

ಲಾಕ್ ಆದ ಮೇಲೆ ಒಂದು ರಾತ್ರಿ ನಿರ್ದೇಶಕರು ಬಂದು 'ಸ್ವಲ್ಪ ಉದ್ದ ಅನ್ನಿಸ್ತಿದೆ' ಅಂತ ಆ ಶಾಟ್ ಟ್ರಿಮ್ ಮಾಡಿಸಿದ್ದರು. ಅದು ಸರಿಯಾದ ತೀರ್ಮಾನವೇ ಆಗಿತ್ತು, ನಾನು ಎರಡನ್ನೂ ನೋಡಿದೀನಿ. ಆದರೆ ಬದಲಾವಣೆಯ ಪಟ್ಟಿ ಸೌಂಡಿನವರಿಗೆ ಹೋಗಿರಲಿಲ್ಲ. ಆ ಜಾಗದಿಂದ ಮುಂದೆ ರೀಲು ಮುಗಿಯೋವರೆಗೆ ಪ್ರತಿ ಹೆಜ್ಜೆ, ಪ್ರತಿ ಬಾಗಿಲು, ಪ್ರತಿ ಮಾತು 14 ಫ್ರೇಮ್ ತಡ. ಎರಡು ಮೂರು ಫ್ರೇಮ್ ತಪ್ಪಿದರೇ ತುಟಿ ನೋಡುವವರಿಗೆ ಕಸಿವಿಸಿ ಆಗುತ್ತೆ. ಬೆಳಿಗ್ಗೆ ಥಿಯೇಟರಿನಲ್ಲಿ ಗೊತ್ತಾಗಿದ್ದರೆ ಗಂಟೆಗಟ್ಟಲೆ ಬಾಡಿಗೆ ಓಡ್ತಾ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೂರಬೇಕಿತ್ತು. ರಾತ್ರಿಯೇ ಗೊತ್ತಾದದ್ದರಿಂದ ಸೌಂಡ್ ಎಡಿಟರ್ ಆ ಕಟ್ಟಿನ ಜಾಗದಲ್ಲಿ 14 ಫ್ರೇಮ್ ಶಬ್ದ ತೆಗೆದು ಮುಂದಿನದನ್ನೆಲ್ಲ ಹಿಂದಕ್ಕೆ ಎಳೆದರು. ತೊಂದರೆ ಕೊಟ್ಟದ್ದು ಸಂಗೀತ ಮಾತ್ರ. ನಡುವೆ ಅರ್ಧ ಸೆಕೆಂಡ್ ಕಿತ್ತರೆ ತಾಳ ಎಡವುತ್ತೆ. ಕೊಳಲಿನ ಒಂದು ಉದ್ದ ಸ್ವರ ಹುಡುಕಿ ಅದರ ಬಾಲದಲ್ಲಿ ಕತ್ತರಿಸಿ ಬೆಸೆದರು. ಸಿನಿಮಾದಲ್ಲಿ ನನಗೆ ಜಾಗ ಗೊತ್ತಿದ್ದರೂ ಕಿವಿಗೆ ಸಿಗೋದಿಲ್ಲ.

ಅವತ್ತಿನಿಂದ ಸೌಂಡಿನವರು ಎಡಿಟರಿಗಿಂತ ಮೊದಲು ಇವನಿಗೆ ಫೋನು ಮಾಡ್ತಾರೆ. ಅವರೇ ಇನ್ನೊಬ್ಬ ಎಡಿಟರಿಗೆ ಇವನ ನಂಬರು ಕೊಟ್ಟರು. ಎರಡನೇ ಸಿನಿಮಾ ಹಾಗೆ ಬಂತು. ಕಟಿಂಗ್ ಚೆನ್ನಾಗಿ ಮಾಡ್ತಾನೆ ಅಂತ ಯಾರೂ ಹೇಳಿಲ್ಲ, ಅವನು ಇನ್ನೂ ಒಂದು ಸೀನನ್ನೂ ಪೂರ್ತಿ ಕಟ್ ಮಾಡಿಲ್ಲ. ಮೊನ್ನೆ ಎಡಿಟರ್ ಒಂದು ಸೀನು ಕೊಟ್ಟು 'ನಿನ್ನ ಥರ ಒಂದು ವರ್ಷನ್ ಮಾಡಿಡು' ಅಂದರಂತೆ. ಮಾಡಿಟ್ಟ. ಅವರು ನೋಡಿ ಏನೂ ಹೇಳದೆ ತಮ್ಮದನ್ನು ಮಾಡಿದರು. ಅವನ ಮೂರು ಕಟ್ ಅದರಲ್ಲಿ ಹಾಗೇ ಇದ್ದವು ಅಂತ ನನಗೆ ರಾತ್ರಿ ಹನ್ನೆರಡಕ್ಕೆ ಫೋನು ಮಾಡಿ ಹೇಳಿದ.

ಉಗಾದಿ ಬಂದು ಹೋಯ್ತು. ಅವರಪ್ಪ 'ದಸರಾ ತನಕ ನೋಡ್ತೀನಿ' ಅಂದಿದಾರೆ. ಮೊದಲ ಸಿನಿಮಾದ ದುಡ್ಡು ಅರ್ಧ ಬಂದಿದೆ, ಇನ್ನರ್ಧ 'ರಿಲೀಸ್ ಆದ ಮೇಲೆ', ಆ ರಿಲೀಸಿಗೆ ದಿನಾಂಕ ಇಲ್ಲ. ರೂಮಿನ ಬಾಡಿಗೆಗೆ ಅಂತ ಮದುವೆ ಸೀಜನ್ನಿನಲ್ಲಿ ಹತ್ತು ದಿನ ಹರಪನಹಳ್ಳಿಗೆ ಹೋಗಿ ಹಳೇ ಸ್ಟುಡಿಯೋದಲ್ಲಿ ಮಿಕ್ಸಿಂಗ್ ಮಾಡಿ ಬಂದ. ಆಮೇಲೆ ಸ್ಟುಡಿಯೋ ಮಾಲೀಕರು ನನಗೇ ಫೋನು ಮಾಡಿದ್ದರು. ಹುಡುಗ ಬೆಂಗಳೂರಿಗೆ ಹೋಗಿ ಕೆಟ್ಟಾನ, ಒಂದು ಫೈಲೂ ಡಿಲೀಟ್ ಮಾಡವಲ್ಲ, ಹೆಸರೂ ಬದಲಿಸವಲ್ಲ, ನನ್ನ ಎರಡೂ ಹಾರ್ಡ್‌ಡಿಸ್ಕ್ ತುಂಬಿ ಕುಂತಾವು ಅಂತ.